ಸಂಸ್ಥೆ ಕಟ್ಟಿದವರನ್ನು ಕಾಲೇಜಿಗೆ ಪರಿಚಯಿಸುವುದು ಹೇಗೆ?

ಹಾಸನದ ಒಂದು ಪದವಿ ಕಾಲೇಜಿನಲ್ಲಿ ಎನ್‌ಎಸ್‌ಎಸ್ ಘಟಕದ ಕಾರ್ಯಕ್ರಮ ಎಂದಿಟ್ಟುಕೊಳ್ಳಿ. ಅರಸೀಕೆರೆ ಕಡೆ ಕೆರೆಗಳ ಹೂಳೆತ್ತಿಸುವ ಸಂಸ್ಥೆಯೊಂದನ್ನು ಕಟ್ಟಿದ ಮೇಡಂ ಅಂದಿನ ಅತಿಥಿ. ಶಿಬಿರದಲ್ಲಿ ಅವರ ಜೊತೆ ಓಡಾಡಿದವರು ನೀವು ಎಂಬ ಕಾರಣಕ್ಕೆ ಕಾರ್ಯಕ್ರಮಾಧಿಕಾರಿಗಳು ‘ಪರಿಚಯ ನೀನೇ ಮಾಡಿಬಿಡಮ್ಮ’ ಎಂದಿದ್ದಾರೆ. ಸಿಗುವುದು ಎರಡು ನಿಮಿಷ.

ನಮ್ಮ ಸಭೆಗಳಲ್ಲಿ ಈ ಎರಡು ನಿಮಿಷ ಹಾಳಾಗುವ ದಾರಿ ಸಾಮಾನ್ಯವಾಗಿ ಒಂದೇ. ‘ಇವರನ್ನು ಪರಿಚಯಿಸುವುದೆಂದರೆ ಸೂರ್ಯನಿಗೆ ದೀಪ ಹಿಡಿದಂತೆ’ ಎಂದು ಶುರುವಾಗಿ, ಬಯೋಡೇಟಾದ ಸಾಲುಗಳೆಲ್ಲ ಮುಗಿದು, ‘ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ’ ಎಂಬಲ್ಲಿ ನಿಲ್ಲುತ್ತದೆ. ಸೂರ್ಯ ಯಾರೆಂಬುದು ಸಭೆಗೆ ಕೊನೆಗೂ ಗೊತ್ತಾಗುವುದಿಲ್ಲ. ಈ ವ್ಯಕ್ತಿಯ ಮಾತನ್ನು ನಾನೇಕೆ ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಪರಿಚಯ ಮುಗಿದಂತೆ. ಮಿಕ್ಕದ್ದನ್ನು ಅತಿಥಿಯೇ ಹೇಳುತ್ತಾರೆ.

ಮೊದಲು ಒಂದು ಫೋನ್

ಬಯೋಡೇಟಾ ಕೈಗೆ ಬಂದಿದ್ದರೂ ಅತಿಥಿಗೆ ಒಂದು ಫೋನ್ ಮಾಡಿ. ಕಾರ್ಯಕ್ರಮಕ್ಕೆ ಮೂರ್ನಾಲ್ಕು ದಿನ ಇರುವಾಗಲೇ ಮಾಡಿದರೆ ಒಳ್ಳೆಯದು. ‘ಮೇಡಂ, ವೇದಿಕೆಯ ಮೇಲೆ ನಿಮ್ಮ ಹೆಸರನ್ನು ಹೇಗೆ ಹೇಳಲಿ, ಹುದ್ದೆ ಏನೆಂದು ಹೇಳಲಿ?’ ಎಂದು ಕೇಳಿ. ಹೆಸರಿನ ಹಿಂದೆ ‘ಶ್ರೀಮತಿ’, ‘ಡಾ.’ ಹಾಕಬೇಕೋ ಬೇಡವೋ ಎಂಬುದನ್ನು ಅವರ ಬಾಯಿಂದಲೇ ಕೇಳಿಕೊಳ್ಳುವುದು ಕ್ಷೇಮ. ಸಂಸ್ಥೆ ಟ್ರಸ್ಟ್ ಆಗಿದ್ದರೆ ಅವರು ಮ್ಯಾನೇಜಿಂಗ್ ಟ್ರಸ್ಟಿ ಆಗಿರಬಹುದು, ಸಂಘವಾಗಿದ್ದರೆ ಕಾರ್ಯದರ್ಶಿಯೋ ಅಧ್ಯಕ್ಷರೋ ಆಗಿರಬಹುದು. ಎಲ್ಲರನ್ನೂ ‘ಅಧ್ಯಕ್ಷರು’ ಎಂದುಬಿಟ್ಟರೆ ನಿಜವಾದ ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಕುಳಿತಿರುವ ಸಾಧ್ಯತೆ ಉಂಟು.

ಇಲ್ಲೇ ಇನ್ನೊಂದು ತಪ್ಪು ನುಸುಳುತ್ತದೆ. ‘ಏಕಾಂಗಿಯಾಗಿ ಸಂಸ್ಥೆ ಸ್ಥಾಪಿಸಿದ ಧೀಮಂತೆ’ ಎಂಬ ಸಾಲು ಬರೆಯಲು ಸುಲಭ. ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ 7 ಜನ ಬೇಕು. ಆ ಉಳಿದವರು ಸಭೆಯಲ್ಲಿದ್ದರೆ ಅವರ ಮುಖ ನೋಡುವುದು ಕಷ್ಟ. ‘ಜೊತೆಗೆ ಯಾರೆಲ್ಲ ಇದ್ದರು?’ ಎಂಬ ಒಂದು ಪ್ರಶ್ನೆಯಿಂದ ಇದು ತಪ್ಪುತ್ತದೆ.

ಫೋನ್ ಇಡುವ ಮುಂಚೆ ‘ಏನು ಹೇಳಬಾರದು ಮೇಡಂ?’ ಎಂದೂ ಕೇಳಿ. ಕಾಯಿಲೆ, ಮನೆಯ ಕಷ್ಟ, ಬಾಲ್ಯದ ಬಡತನ ಇವೆಲ್ಲ ಎಲ್ಲೋ ಒಂದು ಸಂದರ್ಶನದಲ್ಲಿ ಬಂದಿವೆ ಎಂದ ಮಾತ್ರಕ್ಕೆ ಐನೂರು ಜನರ ಮುಂದೆ ಹೇಳಲು ನಿಮಗೆ ಒಪ್ಪಿಗೆ ಸಿಕ್ಕಂತಲ್ಲ.

ಲೆಕ್ಕ ಕೇಳಿ

ಅವರು ಕಳಿಸಿದ ಪರಿಚಯ ಪತ್ರದಲ್ಲಿ ‘40 ಕೆರೆಗಳ ಪುನಶ್ಚೇತನ’ ಎಂದಿದೆ ಎನ್ನೋಣ. ಹಾಗೇ ಓದಬೇಡಿ. ಹೂಳು ಪೂರ್ತಿ ತೆಗೆದದ್ದು ಎಷ್ಟು, ಬರೀ ಸರ್ವೆ ಆದದ್ದು ಎಷ್ಟು, ಏರಿಯ ಮೇಲಿನ ಗಿಡಗಂಟಿ ಮಾತ್ರ ಕಡಿದದ್ದು ಎಷ್ಟು ಎಂದು ಬಿಡಿಸಿ ಕೇಳಿ. ನಮ್ಮ ಉದಾಹರಣೆಯಲ್ಲಿ ಹೂಳು ತೆಗೆದು ಮುಗಿಸಿದ್ದು 9, ಉಳಿದವು ಬೇರೆ ಬೇರೆ ಹಂತದಲ್ಲಿವೆ ಎಂದಿಟ್ಟುಕೊಳ್ಳಿ. ಆ 9ನ್ನೇ ಹೇಳಿ. ಕೆರೆ ಕೆಲಸ ಗೊತ್ತಿರುವವರು ಸಭೆಯಲ್ಲಿದ್ದರೆ 40 ಎಂದೊಡನೆ ಅವರಿಗೆ ಅನುಮಾನ ಬರುತ್ತದೆ, ಆ ಅನುಮಾನ ಅತಿಥಿಯ ಮಾತಿನ ಮೇಲೂ ಬೀಳುತ್ತದೆ.

ಯಾರು ಏನು ಕೊಟ್ಟರು ಎಂಬುದನ್ನೂ ತಿಳಿದುಕೊಳ್ಳಿ. ಇಂಥ ಕೆಲಸಗಳಲ್ಲಿ ಹಲವೆಡೆ ಸಂಸ್ಥೆ ಕೊಡುವುದು ಹಿಟಾಚಿಯ ಬಾಡಿಗೆ ಮಾತ್ರ. ಹೂಳನ್ನು ರೈತರೇ ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲ, ತೋಟಕ್ಕೆ ಹೊಡೆದುಕೊಳ್ಳುತ್ತಾರೆ. ಇದನ್ನು ಬಿಟ್ಟು ‘ಇವರು ಕೆರೆ ಕಟ್ಟಿಕೊಟ್ಟರು’ ಎಂದರೆ ಊರಿನವರ ಪಾಲು ಅಳಿಸಿಹೋಗುತ್ತದೆ. ಅತಿಥಿಗೂ ಅದು ಮುಜುಗರವೇ.

ನೀವು ಕಂಡ ಒಂದು ಸಂಗತಿ

ಪ್ರಾಂಶುಪಾಲರಿಗಾಗಲಿ ನಿರೂಪಕರಿಗಾಗಲಿ ಇಲ್ಲದ ಒಂದು ಅನುಕೂಲ ಸ್ವಯಂಸೇವಕರಿಗಿದೆ: ಅವರು ಕೆಲಸದ ಜಾಗದಲ್ಲಿ ಅತಿಥಿಯನ್ನು ನೋಡಿದ್ದಾರೆ. ಹಾಗಾಗಿ ನೋಡಿದ್ದನ್ನೇ ಹೇಳಬೇಕು. ‘ಸರಳ ಜೀವಿ, ಶ್ರಮಜೀವಿ’ ಎಂಬ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ. ‘ಕೆರೆ ಅಂಗಳದಲ್ಲಿ ನೋಟ್‌ಬುಕ್ ಹಿಡಿದು ನಿಂತು, ಹೋದ ಪ್ರತಿ ಲೋಡಿಗೂ ರೈತರ ಹೆಸರು ಬರೆದುಕೊಳ್ಳುತ್ತಿದ್ದರು, ಸಂಜೆ ಆ ಪಟ್ಟಿಯನ್ನು ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು’ ಎಂದರೆ ಈ ಮನುಷ್ಯರು ದುಡ್ಡನ್ನೂ ಜನರನ್ನೂ ಹೇಗೆ ನೋಡುತ್ತಾರೆ ಎಂಬುದು ಸಭೆಗೆ ತಾನಾಗಿ ತಿಳಿಯುತ್ತದೆ.

ಒಂದು ಎಚ್ಚರಿಕೆ. ಅತಿಥಿ ತಮ್ಮ ಭಾಷಣದಲ್ಲಿ ಹೇಳಲಿರುವ ಕಥೆಯನ್ನು ನೀವು ಮೊದಲೇ ಹೇಳಿ ಖಾಲಿ ಮಾಡಬೇಡಿ. ‘ನಾನು ಈ ಪಟ್ಟಿ ಓದುವ ಸಂಗತಿ ಹೇಳಲಾ?’ ಎಂದು ಅದೇ ಫೋನಿನಲ್ಲಿ ಕೇಳಿಬಿಡಿ. ಅವರು ಅದನ್ನು ಇಟ್ಟುಕೊಂಡಿದ್ದರೆ ಬೇರೆಯದನ್ನು ಆರಿಸಿ.

ಬರೆಯುವುದು

ಹಾಸನದ ಕಾಲೇಜಿನಲ್ಲಿ ಅರಸೀಕೆರೆಯ ಮಕ್ಕಳೂ ಇರುತ್ತಾರೆ, ಸಕಲೇಶಪುರದವರೂ ಇರುತ್ತಾರೆ. ಮಲೆನಾಡಿನವರಿಗೆ ಕೆರೆಯ ಹೂಳು ಯಾರದೋ ಊರಿನ ಚಿಂತೆ. ಆದ್ದರಿಂದ ಮೊದಲ ಸಾಲಿನಲ್ಲೇ ಇಬ್ಬರನ್ನೂ ಒಳಗೆ ಕರೆದುಕೊಳ್ಳಬೇಕು. ಹೀಗೆ ಬರೆಯಬಹುದು:

‘ಎಲ್ಲರಿಗೂ ನಮಸ್ಕಾರ. ಸಕಲೇಶಪುರದಲ್ಲಿ ಮಳೆ ನಿಂತರೆ ಸಾಕು ಅನ್ನುತ್ತಾರೆ, ಅರಸೀಕೆರೆಯಲ್ಲಿ ಬಂದರೆ ಸಾಕು ಅನ್ನುತ್ತಾರೆ. ಎರಡೂ ನಮ್ಮದೇ ಜಿಲ್ಲೆ. ಬಂದ ಮಳೆಯನ್ನು ಊರಿನಲ್ಲೇ ನಿಲ್ಲಿಸಲು ಏನು ಮಾಡಬೇಕು ಎಂದು ಕೇಳಿಕೊಂಡವರು ಇಂದಿನ ನಮ್ಮ ಅತಿಥಿ. ಆರು ಜನ ಗೆಳೆಯರ ಜೊತೆ ಸೇರಿ ಅವರು ಸಂಸ್ಥೆ ಕಟ್ಟಿದರು. ಈವರೆಗೆ 9 ಕೆರೆಗಳ ಹೂಳೆತ್ತುವ ಕೆಲಸ ಮುಗಿದಿದೆ. ಹಿಟಾಚಿ ಸಂಸ್ಥೆಯದು, ಟ್ರ್ಯಾಕ್ಟರ್ ಊರಿನವರದು. ನಮ್ಮ ಶಿಬಿರದಲ್ಲಿ ನಾನು ಕಂಡದ್ದು ಇದು: ಪ್ರತಿ ಲೋಡಿಗೂ ರೈತರ ಹೆಸರು ಬರೆದುಕೊಂಡು, ಸಂಜೆ ಅರಳಿಕಟ್ಟೆಯಲ್ಲಿ ಎಲ್ಲರ ಮುಂದೆ ಲೆಕ್ಕ ಓದುತ್ತಿದ್ದರು. ಒಂದು ಊರನ್ನು ಕೆಲಸಕ್ಕೆ ಒಪ್ಪಿಸುವುದು ಹೇಗೆ ಎಂಬುದನ್ನು ಈಗ ಅವರಿಂದಲೇ ಕೇಳೋಣ. ಸಂಸ್ಥೆಯ ಕಾರ್ಯದರ್ಶಿ, ಶ್ರೀಮತಿ...’

ಹೆಸರು ಕೊನೆಗೆ ಬಂದಿರುವುದನ್ನು ಗಮನಿಸಿ. ಹೆಸರು ಕೇಳಿದೊಡನೆ ಚಪ್ಪಾಳೆ ಬೀಳುತ್ತದೆ, ಅತಿಥಿ ಎದ್ದು ಮೈಕಿನತ್ತ ಬರುತ್ತಾರೆ. ಪ್ರಶಸ್ತಿಗಳ ಪಟ್ಟಿ ಇಲ್ಲಿಲ್ಲ. ಬೇಕೇಬೇಕೆಂದರೆ ಇದೇ ಕೆಲಸಕ್ಕೆ ಸಿಕ್ಕ ಒಂದನ್ನು ಸೇರಿಸಿ. ನಿಧಾನವಾಗಿ ಓದಿದರೂ ಇದು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಇನ್ನೊಂದೆರಡು ಸಾಲಿಗೆ ಜಾಗ ಉಳಿಯುತ್ತದೆ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿದ ಲೆಕ್ಕ ವೇದಿಕೆಯ ಮೇಲೆ ನಡೆಯುವುದಿಲ್ಲ. ಭಾಷಣವನ್ನು ಮಾತ್ರ ಮೊಬೈಲಿನಿಂದ ಓದಬೇಡಿ. ಸ್ಕ್ರೀನ್ ಆರಿಹೋದರೆ ನಿಮ್ಮ ಮಾತೂ ನಿಂತುಹೋಗುತ್ತದೆ. ಅರ್ಧ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಸ್ವಾಗತದವರ ಜೊತೆ ಮಾತು

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ ಆದಮೇಲೆ ನಿಮ್ಮ ಸರದಿ. ಅಷ್ಟರಲ್ಲಿ ಸ್ವಾಗತ ಮಾಡಿದವರು ಅತಿಥಿಯ ಹುಟ್ಟೂರಿನಿಂದ ಹಿಡಿದು 9 ಕೆರೆಗಳವರೆಗೆ ಎಲ್ಲ ಹೇಳಿ ಮುಗಿಸಿರುವುದುಂಟು. ಹಿಂದಿನ ದಿನವೇ ಅವರಿಗೆ ನಿಮ್ಮ ಹಾಳೆ ತೋರಿಸಿ, ‘ನೀವು ಹೆಸರು, ಹುದ್ದೆ ಹೇಳಿ ಹೂವು ಕೊಡಿ ಸಾರ್, ಕೆಲಸದ ವಿಷಯ ನಾನು ಹೇಳುತ್ತೇನೆ’ ಎಂದು ಕೇಳಿಕೊಳ್ಳಿ. ಅತಿಥಿಯನ್ನು ಮೈಕಿಗೆ ಕರೆಯುವುದು ನೀವೋ ನಿರೂಪಕರೋ ಎಂಬುದೂ ಆಗಲೇ ತೀರ್ಮಾನವಾಗಲಿ. ಇಬ್ಬರೂ ಕರೆದರೆ ಚಪ್ಪಾಳೆ ಎರಡು ಸಲ ಬೀಳುತ್ತದೆ, ಮೇಡಂ ಅರ್ಧ ಎದ್ದು ಮತ್ತೆ ಕೂರುತ್ತಾರೆ.

ಕಾರ್ಯಕ್ರಮ ತಡವಾಗಿ ಶುರುವಾಗುವುದು ನಮ್ಮಲ್ಲಿ ಹೊಸದೇನಲ್ಲ. ‘ಬೇಗ ಮುಗಿಸು’ ಎಂಬ ಸನ್ನೆ ಬಂದರೆ ಓಡಿಸಿಕೊಂಡು ಓದಬೇಡಿ. ಹಾಳೆಯ ಹಿಂಬದಿಯಲ್ಲಿ ಮೂರು ಸಾಲು ಬರೆದಿಟ್ಟುಕೊಂಡಿರಿ: 9 ಕೆರೆ, ಅರಳಿಕಟ್ಟೆಯ ಲೆಕ್ಕ, ಹುದ್ದೆಯೊಂದಿಗೆ ಹೆಸರು. ಸಕಲೇಶಪುರದ ಮಳೆಯನ್ನು ಬಿಡಬಹುದು, ಅರಳಿಕಟ್ಟೆಯನ್ನು ಬಿಡಬೇಡಿ.