ಮನೆಯಲ್ಲಿ ಬೇಕನ್: ಎರಡೂವರೆ ಗ್ರಾಂ ಉಪ್ಪಿನ ಲೆಕ್ಕ

ಗೋವಾದ ಹಂದಿಮಾಂಸದ ಸಾಸೇಜ್ ಆದ ಚೊರೀಸ್ ಉಪ್ಪು, ಮೆಣಸಿನಕಾಯಿ ಮತ್ತು ಕಳ್ಳಿನ ವಿನೆಗರ್‌ನ ಹುಳಿಯಿಂದ ಕೆಡದೆ ಉಳಿಯುತ್ತದೆ. ಉಪ್ಪು ಹಚ್ಚಿ ಹೊಗೆ ಹಿಡಿಸಿದ ಹಂದಿಮಾಂಸವಾದ ಬೇಕನ್‌ಗೆ ಆ ಹುಳಿಯ ಕಾವಲಿಲ್ಲ. ಅಲ್ಲಿ ಆ ಕೆಲಸವನ್ನು ಉಪ್ಪು ಮತ್ತು ಸೋಡಿಯಂ ನೈಟ್ರೈಟ್ ಮಾಡುತ್ತವೆ. ಮಡಗಾಂವ್‌ನ ಮಾರುಕಟ್ಟೆಯಿಂದ ಚರ್ಮ ತೆಗೆಸಿದ, ಸುಮಾರು ನಾಲ್ಕು ಸೆಂಟಿಮೀಟರ್ ದಪ್ಪದ, ಹಂದಿಯ ಹೊಟ್ಟೆಭಾಗದ ಮಾಂಸ 1 ಕಿಲೋ ತಂದಿದ್ದೀರಿ ಎಂದಿಟ್ಟುಕೊಳ್ಳೋಣ.

ಮೊದಲು ತೂಕ. 20 ಗ್ರಾಂ ಅಡುಗೆ ಉಪ್ಪು, 10 ಗ್ರಾಂ ಸಕ್ಕರೆ ಮತ್ತು 6.25% ನೈಟ್ರೈಟ್ ಇರುವ ಕ್ಯೂರಿಂಗ್ ಉಪ್ಪು 2.5 ಗ್ರಾಂ ಬೇಕು. ಇಷ್ಟರಿಂದ ಕಿಲೋ ಮಾಂಸಕ್ಕೆ ಸಿಗುವ ನೈಟ್ರೈಟ್ ಕೇವಲ 156 ಮಿಲಿಗ್ರಾಂ. ಕಣ್ಣಂದಾಜಿಗೆ ಇಲ್ಲಿ ಜಾಗವಿಲ್ಲ, ಏಕೆಂದರೆ ಪ್ರಮಾಣ ಹತ್ತು ಪಟ್ಟಾದರೆ ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಸಾಮಾನ್ಯ ಉಪ್ಪೆಂದು ಯಾರೂ ಬಳಸದಿರಲೆಂದು ಕ್ಯೂರಿಂಗ್ ಉಪ್ಪಿಗೆ ಗುಲಾಬಿ ಬಣ್ಣ ಬೆರೆಸುವುದುಂಟು. ಅಂಗಡಿಯ ಸೈಂಧವ ಲವಣವೂ ಗುಲಾಬಿಯೇ, ಆದರೆ ಅದರಲ್ಲಿ ನೈಟ್ರೈಟ್ ಇರುವುದಿಲ್ಲ.

ಮೂರನ್ನೂ ಬೆರೆಸಿ ಮಾಂಸದ ಎಲ್ಲ ಬದಿಗೂ ತಿಕ್ಕಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ, 4 ಡಿಗ್ರಿಗಿಂತ ತಣ್ಣಗಿರುವ ಫ್ರಿಜ್‌ನಲ್ಲಿ ಏಳು ದಿನ ಇಡಬೇಕು. ದಿನಕ್ಕೊಮ್ಮೆ ಮಗುಚಿ ಹಾಕಬೇಕು. ಒಸರಿದ ನೀರನ್ನು ಚೆಲ್ಲಬಾರದು, ಉಪ್ಪು ಮಾಂಸದೊಳಗೆ ಹೋಗುವುದು ಅದರ ಮೂಲಕವೇ. ಒಳಹೊಕ್ಕ ನೈಟ್ರೈಟ್ ನೈಟ್ರಿಕ್ ಆಕ್ಸೈಡ್ ಆಗಿ ಮಾಂಸದ ಕೆಂಪು ವರ್ಣದ್ರವ್ಯವಾದ ಮಯೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬೇಯಿಸಿದ ಮೇಲೂ ಬೇಕನ್ ಗುಲಾಬಿಯಾಗಿಯೇ ಉಳಿಯುವುದು ಇದರಿಂದ. ಕತ್ತರಿಸಿ ಬೇಯಿಸಿದಾಗ ನಡುವೆ ಬೂದು ಪಟ್ಟಿ ಕಂಡರೆ ಉಪ್ಪು ಅಲ್ಲಿಯವರೆಗೆ ತಲುಪಿಲ್ಲವೆಂದು ತಿಳಿಯಬೇಕು. ಹ್ಯಾಮ್‌ನಂಥ ದಪ್ಪ ತೊಡೆಗೆ ಉಪ್ಪುನೀರನ್ನು ಸೂಜಿಯಿಂದ ಚುಚ್ಚಿ ತುಂಬುವುದೂ ಇದೇ ಕಾರಣಕ್ಕೆ. ಹುಳಿನಾತ ಅಥವಾ ಲೋಳೆ ಕಂಡುಬಂದರೆ ಎಸೆದುಬಿಡಬೇಕು.

ಎಂಟನೆಯ ದಿನ ತೊಳೆದು, ಒರೆಸಿ, ಫ್ರಿಜ್‌ನಲ್ಲೇ ಜಾಲರಿಯ ಮೇಲೆ ರಾತ್ರಿಯಿಡೀ ತೆರೆದಿಟ್ಟರೆ ಮೇಲ್ಮೈ ಒಣಗಿ ಕೊಂಚ ಅಂಟಂಟಾಗುತ್ತದೆ. ಹೊಗೆ ಹಿಡಿಯುವುದು ಇಂಥ ಮೇಲ್ಮೈಗೆ. ಒದ್ದೆ ಮಾಂಸಕ್ಕೆ ಕಹಿಯಷ್ಟೇ ಬರುತ್ತದೆ. ರಾಳವಿಲ್ಲದ ಗಟ್ಟಿಮರದ ಹೊಗೆಯಲ್ಲಿ, 90 ಡಿಗ್ರಿಯ ಆಸುಪಾಸಿನಲ್ಲಿ, ಮಾಂಸದ ಒಳಗಿನ ಬಿಸಿ 65 ಡಿಗ್ರಿ ಮುಟ್ಟುವವರೆಗೆ ಇಡಬೇಕು. ಹೊಗೆಯಲ್ಲಿರುವ ಫೀನಾಲ್‌ಗಳು ಕೊಬ್ಬು ಕಮಟಾಗುವುದನ್ನು ನಿಧಾನಿಸುತ್ತವೆ, ಆದರೆ ಅವುಗಳ ಕಾವಲು ಮೇಲ್ಪದರಕ್ಕೆ ಮಾತ್ರ. ಹೊಗೆಗೂಡಿನಲ್ಲಿ ನಿಧಾನವಾಗಿ ಬೆಚ್ಚಗಾಗುವ ಮಾಂಸದ ಒಳಗೆ ಆಮ್ಲಜನಕ ಇರದು; ಬೊಟುಲಿಸಂ ವಿಷವನ್ನುಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅದೇ ವಾತಾವರಣ, ಅದನ್ನು ಒಳಗೆ ತಡೆಯುವುದು ನೈಟ್ರೈಟ್.

ಕರಿಯುವಾಗ ಉರಿ ಮಧ್ಯಮವಾಗಿರಲಿ. ಹೆಚ್ಚಿನ ಶಾಖದಲ್ಲಿ ನೈಟ್ರೈಟ್‌ನಿಂದ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟುತ್ತವೆ. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆದ್ದರಿಂದ ಇದನ್ನು ಅಪರೂಪದ ತಿನಿಸಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಒಣಗಿಸಿದ ಸಾಸೇಜ್ ಆದ ಸಲಾಮಿಯ ದಾರಿ ಬೇರೆ. ವಾರಗಟ್ಟಲೆ ಒಣಗುವ ಅದಕ್ಕೆ ನೈಟ್ರೇಟ್ ಕೂಡ ಬೇಕು. ಬ್ಯಾಕ್ಟೀರಿಯಾಗಳು ಅದನ್ನು ಸ್ವಲ್ಪಸ್ವಲ್ಪವಾಗಿ ನೈಟ್ರೈಟ್ ಮಾಡುತ್ತಾ ಹೋಗುತ್ತವೆ. ಒಣಗಿಸಲು ಸುಮಾರು 13 ಡಿಗ್ರಿಯ ತಂಪೂ ಹತೋಟಿಯಲ್ಲಿರುವ ತೇವವೂ ಬೇಕು. ಗೋವಾದ ಮಳೆಗಾಲದಲ್ಲಿ ಅದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದರೆ ಒಣಗುವ ಮೊದಲೇ ಕೊಳೆಯುತ್ತದೆ.