ಇಲ್ಲದವರು ಕಾಣುವ ಡಿಮೆನ್ಷಿಯಾ, ಮತ್ತು ಕೊಡಬಾರದಿದ್ದ ಒಂದು ಇಂಜೆಕ್ಷನ್

ನಾನು ಬೆಂಗಳೂರಿನಲ್ಲಿ ವಯಸ್ಸಾದವರನ್ನು ನೋಡುವ ವೈದ್ಯೆ. ಮನೆಯವರು ಬಂದು ಕೂತ ತಕ್ಷಣ ಹೇಳುವ ಮಾತು ಬಹುತೇಕ ಒಂದೇ: "ಅಪ್ಪನಿಗೆ ಮರೆವು ಜಾಸ್ತಿ ಆಗಿದೆ ಡಾಕ್ಟ್ರೇ." ನಾನು ಕೇಳುವ ಮೊದಲ ಪ್ರಶ್ನೆ, "ಏನೇನು ಮರೀತಾರೆ, ಒಂದು ಉದಾಹರಣೆ ಹೇಳಿ." ಕೆಲವರು ಪಟಪಟ ಅಂತ ಹತ್ತು ಹೇಳುತ್ತಾರೆ. ಇನ್ನು ಕೆಲವರು ತಡವರಿಸುತ್ತಾರೆ. "ಮರೀತಾರೆ ಅಂತಲ್ಲ, ಒಂದೊಂದು ಹೊತ್ತು ಚೆನ್ನಾಗೇ ಇರ್ತಾರೆ, ಒಂದೊಂದು ಹೊತ್ತು ಇಲ್ಲೇ ಇರಲ್ಲ, ಮತ್ತೆ ಯಾರ್ಯಾರೋ ಕಾಣಿಸ್ತಾರೆ ಅಂತಾರೆ." ಈ ಎರಡನೇ ಉತ್ತರ ಕೇಳಿದರೆ ನಾನು ಪೆನ್ನು ಕೆಳಗಿಟ್ಟು ನೆಟ್ಟಗೆ ಕೂರುತ್ತೇನೆ. ಇದು ಅಲ್ಜೈಮರ್ ಅಲ್ಲದೆ ಲೂಯಿ ಬಾಡಿ ಎಂಬ ಬೇರೆ ಥರದ ಡಿಮೆನ್ಷಿಯಾ ಇರಬಹುದು. ಯಾಕೆ ಅನ್ನುವುದನ್ನು ಒಬ್ಬ ಹಿರಿಯರ ಕಥೆಯಿಂದ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ವಯಸ್ಸು 74. ಮಗ ಅವರನ್ನು ವೀಲ್‌ಚೇರಿನಲ್ಲಿ ಕರೆತಂದಿದ್ದ. ಹತ್ತು ದಿನದ ಹಿಂದಿನವರೆಗೂ ಅವರು ಬನಶಂಕರಿಯ ತಮ್ಮ ಮನೆಯಿಂದ ಪಾರ್ಕಿಗೆ ನಡೆದು ಹೋಗುತ್ತಿದ್ದರು, ನಿಧಾನವಾಗಿಯಾದರೂ. ಈಗ ಮೈ ಮರದ ಹಾಗೆ ಬಿಗಿದಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಕರೆದರೆ ಕಣ್ಣು ಅರ್ಧ ಬಿಡುತ್ತಿದ್ದರು, ಅಷ್ಟೇ.

ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಓದಿದಾಗ ನಡೆದದ್ದು ತಿಳಿಯಿತು. ಒಂದು ರಾತ್ರಿ ಅವರು ವಿಪರೀತ ಗಲಾಟೆ ಮಾಡಿದ್ದಾರೆ. ಮನೆಯಲ್ಲಿ ಕಳ್ಳರಿದ್ದಾರೆ ಎಂದು ಬಾಗಿಲು ತೆಗೆದು ಓಡಲು ಹೋಗಿದ್ದಾರೆ. ಹತ್ತಿರದ ಆಸ್ಪತ್ರೆಯಲ್ಲಿ ಹ್ಯಾಲೊಪೆರಿಡಾಲ್ 5 ಮಿಲಿಗ್ರಾಂ ಮತ್ತು ಪ್ರೊಮೆಥಜೀನ್ ಸೇರಿಸಿ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟಿದ್ದಾರೆ. ಮೈಮೇಲೆ ಏರಿ ಬರುವ ರೋಗಿಯನ್ನು ಶಾಂತ ಮಾಡಲು ನಮ್ಮ ದೇಶದಲ್ಲಿ ಈ ಜೋಡಿಯನ್ನು ತುಂಬ ಬಳಸುತ್ತಾರೆ. ವಯಸ್ಸಿನ ಹುಡುಗನಿಗಾದರೆ ಅದು ಒಳ್ಳೆಯ ಚಿಕಿತ್ಸೆಯೇ. ಮನೆಗೆ ಕಳಿಸುವಾಗ ರಿಸ್ಪೆರಿಡೋನ್ 1 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬರೆದಿದ್ದರು. ಮೈ ಬಿಗಿ ಬಂದದ್ದಕ್ಕೆ ಟ್ರೈಹೆಕ್ಸಿಫೆನಿಡಿಲ್ ಸೇರಿಸಿದ್ದರು. ಕಾಯಿಲೆಯ ಹೆಸರಿನ ಜಾಗದಲ್ಲಿ "ಅಲ್ಜೈಮರ್, ಗಲಾಟೆ ಸಹಿತ" ಎಂದಿತ್ತು.

ನಾನು ಇಂಜೆಕ್ಷನ್‌ಗೂ ಮೊದಲಿನ ಎರಡು ವರ್ಷದ ಬಗ್ಗೆ ಕೇಳತೊಡಗಿದೆ. ಅವರ ಹೆಂಡತಿ ಹೇಳಿದರು, "ಸಂಜೆ ಹೊತ್ತು ದಿವಾನದ ಮೇಲೆ ಎರಡು ಮಕ್ಕಳು ಕೂತಿದ್ದಾವೆ ಅಂತಾರೆ. ಲಂಗ ಹಾಕಿರೋ ಹುಡುಗಿ, ಪಕ್ಕದಲ್ಲಿ ಒಬ್ಬ ಹುಡುಗ. ಮಾತಾಡಲ್ವಂತೆ, ಸುಮ್ನೆ ನೋಡ್ತಾವಂತೆ. ಅವಕ್ಕೆ ಏನಾದ್ರೂ ತಿನ್ನೋಕೆ ಕೊಡೇ ಅಂತಾರೆ." ಇದು ಲೂಯಿ ಬಾಡಿ ಕಾಯಿಲೆಯ ನಿಚ್ಚಳವಾದ ಗುರುತು. ಮಸುಕು ನೆರಳಲ್ಲ, ಬಟ್ಟೆಯ ಬಣ್ಣ ಸಮೇತ ಕಾಣುವ ಮನುಷ್ಯರು ಅಥವಾ ಪ್ರಾಣಿಗಳು. ಒಂದೇ ಥರದ್ದು ಮತ್ತೆ ಮತ್ತೆ ಕಾಣುತ್ತದೆ, ಅನೇಕ ಸಲ ಯಾವ ಸದ್ದೂ ಇರುವುದಿಲ್ಲ. ನೋಡುವವರಿಗೆ ಭಯ ಆಗಲೇಬೇಕು ಅಂತೇನೂ ಇಲ್ಲ.

ಮಗ ಇನ್ನೊಂದು ಮಾತು ಸೇರಿಸಿದ. ಬೆಳಿಗ್ಗೆ ಪೇಪರ್ ಓದಿ ಬಡ್ಡಿದರದ ಬಗ್ಗೆ ಚರ್ಚೆ ಮಾಡಿದ ಅಪ್ಪ, ಮಧ್ಯಾಹ್ನ ಶೂನ್ಯ ನೋಡುತ್ತ ಕೂತುಬಿಡುತ್ತಾರೆ. ಶರ್ಟಿನ ಗುಂಡಿ ಹಾಕಲೂ ತೋಚುವುದಿಲ್ಲ. ಮರುದಿನ ಮತ್ತೆ ಸರಿ. "ನಾಟಕ ಮಾಡ್ತಾರೇನೋ ಅಂತ ಎಷ್ಟೋ ಸಲ ರೇಗಿದ್ದೀನಿ" ಎಂದು ಅವನ ಕಣ್ಣು ತುಂಬಿತು. ಎಚ್ಚರದ ಮಟ್ಟ ಹೀಗೆ ಏರಿಳಿಯುವುದು ಅಲ್ಜೈಮರ್‌ನ ಶುರುವಿನಲ್ಲಿ ಇಷ್ಟು ಎದ್ದು ಕಾಣುವುದಿಲ್ಲ. ಅಲ್ಲಿ ಇಳಿತ ನಿಧಾನ, ಒಂದೇ ಸಮನೆ. ನಾನು ಮನೆಯವರಿಗೆ ಮೂರು ಪ್ರಶ್ನೆ ಕೇಳುತ್ತೇನೆ. ರಾತ್ರಿ ನಿದ್ದೆ ಆಗಿದ್ದರೂ ಹಗಲಲ್ಲಿ ಎರಡು ಗಂಟೆಗಿಂತ ಜಾಸ್ತಿ ಮಲಗುತ್ತಾರಾ? ತುಂಬ ಹೊತ್ತು ಸುಮ್ಮನೆ ಒಂದೇ ಕಡೆ ದಿಟ್ಟಿಸುತ್ತಾರಾ? ಕೆಲವು ಹೊತ್ತು ಮಾತು ಹಳಿ ತಪ್ಪಿ ಮತ್ತೆ ಸರಿಹೋಗುತ್ತದಾ? ಇವರಿಗೆ ಮೂರಕ್ಕೂ ಹೌದು.

ಕೊನೆಗೆ ನಿದ್ದೆಯ ವಿಷಯ ಕೇಳಿದೆ. ಹೆಂಡತಿ ಸಂಕೋಚಪಟ್ಟರು. ಎಂಟು ಹತ್ತು ವರ್ಷದಿಂದ ಇಬ್ಬರ ಮಂಚ ಬೇರೆಯಂತೆ. ನಿದ್ದೆಯಲ್ಲಿ ಕೂಗುತ್ತಾರೆ, ಒದೆಯುತ್ತಾರೆ, ಒಮ್ಮೆ ಅವರ ಮುಖಕ್ಕೇ ಗುದ್ದಿದ್ದರು. ಕನಸು ಕಾಣುವಾಗ ನಮ್ಮ ಕೈಕಾಲು ಸಡಿಲವಾಗಿ ಬಿದ್ದಿರಬೇಕು. ಆ ವ್ಯವಸ್ಥೆ ಕೆಟ್ಟರೆ ಕಂಡ ಕನಸನ್ನು ಮೈ ಆಡಿಬಿಡುತ್ತದೆ. ಮರೆವು, ನಡುಕ ಯಾವುದೂ ಶುರುವಾಗುವ ಎಷ್ಟೋ ವರ್ಷ ಮೊದಲೇ ಇದು ಬರಬಹುದು. ಯಾರೂ ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು.

ಇದು ಲೂಯಿ ಬಾಡಿ ಡಿಮೆನ್ಷಿಯಾ. 1912ರಲ್ಲಿ ಫ್ರೆಡರಿಕ್ ಲೂಯಿ ಎಂಬ ವೈದ್ಯರು ಪಾರ್ಕಿನ್ಸನ್ ರೋಗಿಗಳ ಮೆದುಳಿನ ಜೀವಕೋಶಗಳಲ್ಲಿ ಕಂಡ ಪುಟ್ಟ ಉಂಡೆಗಳಿಂದ ಈ ಹೆಸರು ಬಂತು. ಕಾಣುವ ಭ್ರಮೆ, ಏರಿಳಿಯುವ ಎಚ್ಚರ, ನಿದ್ದೆಯಲ್ಲಿ ಕನಸನ್ನು ಆಡುವುದು, ಮತ್ತು ಪಾರ್ಕಿನ್ಸನ್ ಥರದ ನಿಧಾನ, ಬಿಗಿ ಅಥವಾ ನಡುಕ. ಡಿಮೆನ್ಷಿಯಾ ಜೊತೆ ಈ ನಾಲ್ಕರಲ್ಲಿ ಎರಡು ಇದ್ದರೂ 2017ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬಹುಪಾಲು ಇದೇ ಎಂದು ಹಿಡಿಯಬಹುದು. ಇವರಲ್ಲಿ ಔಷಧಿಯಿಂದ ಬಂದ ಬಿಗಿಯನ್ನು ಬಿಟ್ಟರೂ ಮೂರು ಇದ್ದವು.

ಮರೆವೇ ಮೊದಲಾಗುವ ಡಿಮೆನ್ಷಿಯಾ, ಅಂದರೆ ಅಲ್ಜೈಮರ್, ಹೇಗಿರುತ್ತದೆ ಎನ್ನುವುದಕ್ಕೆ ಅದೇ ವಾರ ಬಂದಿದ್ದ ಒಬ್ಬ ತಾಯಿ ಸಾಕ್ಷಿ. ಆಕೆ ಗಡಿಯಾರದ ಚಿತ್ರ ಚೆನ್ನಾಗಿ ಬರೆದರು, ಮುಳ್ಳು ಸಮೇತ. ಆದರೆ ನಾನು ಹೇಳಿದ ಮೂರು ಪದ ಐದು ನಿಮಿಷದಲ್ಲಿ ಅಳಿಸಿಹೋಗಿದ್ದವು. "ಒಂದು ಹಣ್ಣು" ಎಂದು ಸುಳಿವು ಕೊಟ್ಟರೂ ಬರಲಿಲ್ಲ. ಮಾತು ಒಳಗೆ ದಾಖಲೇ ಆಗಿಲ್ಲ. ಆಕೆಗೂ ಒಂದು ತಪ್ಪು ನಂಬಿಕೆ ಇತ್ತು, ಕೆಲಸದವಳು ಸರ ಕದ್ದಳು ಎಂದು. ಅದು ಹುಟ್ಟಿದ್ದು ಮರೆವಿನಿಂದ. ಸರ ಎಲ್ಲಿಟ್ಟರೆಂದು ನೆನಪಿಲ್ಲ, ಹಾಗಾಗಿ ಕಳ್ಳತನ. ಬ್ಯಾಂಕಿನ ಹಿರಿಯರದ್ದು ತದ್ವಿರುದ್ಧ. ಚೇತರಿಸಿಕೊಂಡ ಮೇಲೆ ಇದೇ ಪರೀಕ್ಷೆ ಮಾಡಿದೆ. ಪದಗಳು ತಡವಾಗಿ ಬಂದವು, ಬಾರದೇ ಇದ್ದದ್ದು ಸುಳಿವು ಕೊಟ್ಟೊಡನೆ ಬಂತು. ಗಡಿಯಾರದ ಅಂಕಿಗಳು ಮಾತ್ರ ಎಲ್ಲ ಒಂದೇ ಬದಿಗೆ ಗುಂಪಾಗಿದ್ದವು. ಒಂದರ ಮೇಲೊಂದು ಬರುವ ಎರಡು ಐದುಮೂಲೆಯ ಚಿತ್ರ ನೋಡಿ ಬರೆಯಲು ಆಗಲೇ ಇಲ್ಲ. ನೆನಪಿಗಿಂತ ಗಮನ ಮತ್ತು ಕಂಡದ್ದನ್ನು ಜೋಡಿಸುವ ಶಕ್ತಿ ಮೊದಲು ಕೆಟ್ಟಿದೆ. ವಯಸ್ಸಾದ ಮೇಲೆ ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದೂ ಉಂಟು, ಆಗ ಈ ಗೆರೆ ಇಷ್ಟು ಸ್ಪಷ್ಟವಾಗಿರುವುದಿಲ್ಲ.

ಈಗ ಆ ಇಂಜೆಕ್ಷನ್ ವಿಷಯ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೀನ್ ಇವೆಲ್ಲ ಆಂಟಿಸೈಕೋಟಿಕ್‌ಗಳು. ಮೆದುಳಿನಲ್ಲಿ ಡೋಪಮಿನ್ ಎನ್ನುವ ರಾಸಾಯನಿಕ ಕೆಲಸ ಮಾಡುವ ಬಾಗಿಲುಗಳನ್ನು ಮುಚ್ಚುವುದರಿಂದ ಇವು ಭ್ರಮೆ ಇಳಿಸುತ್ತವೆ. ಲೂಯಿ ಬಾಡಿ ಕಾಯಿಲೆಯಲ್ಲಿ ಡೋಪಮಿನ್ ಮೊದಲೇ ಕಡಿಮೆ ಆಗಿರುತ್ತದೆ, ನಡಿಗೆ, ನುಂಗುವುದು ಎಲ್ಲ ಇರುವಷ್ಟರಲ್ಲೇ ನಡೆಯುತ್ತಿರುತ್ತದೆ. ಅದನ್ನೂ ಮುಚ್ಚಿದರೆ ಮೈ ಬಿಗಿಯುತ್ತದೆ, ಎಚ್ಚರ ತಪ್ಪುತ್ತದೆ, ನುಂಗಿದ್ದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯರು 1992ರಲ್ಲೇ ಇದನ್ನು ದಾಖಲಿಸಿದ್ದರು. ಈ ಔಷಧಿ ಪಡೆದ ಇಂಥ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತೀವ್ರ ಪ್ರತಿಕ್ರಿಯೆ ಬಂದಿತ್ತು, ಅವರಲ್ಲಿ ಸಾವಿನ ಅಪಾಯ ಎರಡು ಮೂರು ಪಟ್ಟು ಏರಿತ್ತು. ಯಾರಿಗೆ ಬರುತ್ತದೆ ಎಂದು ಮುಂಚೆ ಹೇಳಲು ಆಗುವುದಿಲ್ಲ. ಒಂದೇ ಡೋಸ್ ಸಾಕಾಗಬಹುದು.

ಅಲ್ಜೈಮರ್‌ನವರಿಗೆ ಇವು ಸುರಕ್ಷಿತ ಎಂದು ತಿಳಿಯಬೇಡಿ. ಯಾವುದೇ ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಆಂಟಿಸೈಕೋಟಿಕ್‌ಗಳ ಬಗ್ಗೆ, 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯವುಗಳ ಬಗ್ಗೆ ಎಚ್ಚರಿಸಿತು. ಆದರೆ ಅಲ್ಜೈಮರ್‌ನಲ್ಲಿ ಬೇರೆ ದಾರಿ ಇಲ್ಲದಾಗ ಅಳೆದು ತೂಗಿ ಸ್ವಲ್ಪ ದಿನ ಕೊಡುವ ಅವಕಾಶ ಇದೆ. ಲೂಯಿ ಬಾಡಿಯಲ್ಲಿ ಹ್ಯಾಲೊಪೆರಿಡಾಲ್‌ಗೆ ಜಾಗವೇ ಇಲ್ಲ.

ನಾನು ಅವತ್ತೇ ಅವರನ್ನು ಅಡ್ಮಿಟ್ ಮಾಡಿಸಿದೆ. ರಿಸ್ಪೆರಿಡೋನ್ ನಿಲ್ಲಿಸಿದೆ. ಜ್ವರ ಇರಲಿಲ್ಲ. ಸ್ನಾಯು ಕರಗುತ್ತಿದೆಯೇ ಎಂದು ತಿಳಿಯಲು ರಕ್ತದಲ್ಲಿ ಸಿಪಿಕೆ ನೋಡಿದೆ, ಸ್ವಲ್ಪವೇ ಏರಿತ್ತು. ಜ್ವರವೂ ಬಂದು ಸಿಪಿಕೆ ಸಾವಿರಗಟ್ಟಲೆ ಏರಿದ್ದರೆ ಐಸಿಯು ಬೇಕಾಗುತ್ತಿತ್ತು. ನುಂಗುವುದು ಸರಿಯಾಗುವವರೆಗೆ ಬಾಯಿಗೆ ಏನೂ ಕೊಡಲಿಲ್ಲ. ಟ್ರೈಹೆಕ್ಸಿಫೆನಿಡಿಲ್ ಕೂಡ ಇಳಿಸಿ ತೆಗೆದೆ. ಈ ಕಾಯಿಲೆಯಲ್ಲಿ ಅಸಿಟೈಲ್‌ಕೋಲಿನ್ ಎನ್ನುವ ಇನ್ನೊಂದು ರಾಸಾಯನಿಕವೂ ಬಹಳ ಕುಸಿದಿರುತ್ತದೆ. ಆ ಮಾತ್ರೆ ಅದನ್ನೇ ತಡೆಯುತ್ತದೆ, ಹಾಗಾಗಿ ಭ್ರಮೆ, ಗೊಂದಲ ಹೆಚ್ಚುತ್ತವೆ. ಪ್ರೊಮೆಥಜೀನ್‌ದೂ ಅದೇ ಗುಣ.

ಆ ರಾತ್ರಿಯ ಗಲಾಟೆಗೆ ಕಾರಣ ಏನೆಂದು ಹುಡುಕಿದಾಗ ಮೂತ್ರದ ಸೋಂಕು ಸಿಕ್ಕಿತು. ಮೂತ್ರ ಪೂರ್ತಿ ಹೋಗದೆ ಕಟ್ಟಿಕೊಂಡಿತ್ತು, ನಾಲ್ಕು ದಿನದಿಂದ ಮಲವೂ ಹೋಗಿರಲಿಲ್ಲ. ಕಳ್ಳರು ಬಂದದ್ದು ಅಲ್ಲಿಂದ. ಅದಕ್ಕೆ ಬೇಕಿದ್ದದ್ದು ಆಂಟಿಬಯೋಟಿಕ್ ಮತ್ತು ಎನಿಮಾ.

ಮೈ ಸಡಿಲವಾಗಲು ಕೆಲವು ವಾರ ಹಿಡಿಯಿತು. ಆಮೇಲೆ ಇಸಿಜಿ ತೆಗೆಸಿ, ನಾಡಿ ತೀರ ನಿಧಾನ ಇಲ್ಲ ಎಂದು ಖಚಿತ ಮಾಡಿಕೊಂಡು ರಿವಾಸ್ಟಿಗ್ಮೈನ್ 1.5 ಮಿಲಿಗ್ರಾಂ ಊಟದ ಜೊತೆ ದಿನಕ್ಕೆ ಎರಡು ಸಲ ಶುರು ಮಾಡಿದೆ. ಅದು ಅಸಿಟೈಲ್‌ಕೋಲಿನ್ ಉಳಿಸುವ ಔಷಧಿ. ವಾಕರಿಕೆ ಬಂದದ್ದರಿಂದ ಡೋಸ್ ನಿಧಾನವಾಗಿ ಏರಿಸಿದೆ. ಮಕ್ಕಳು ಕಾಣುವುದು ಪೂರ್ತಿ ನಿಲ್ಲಲಿಲ್ಲ, ವಿರಳವಾಯಿತು. ಹಗಲಿನ ಎಚ್ಚರ ಚೆನ್ನಾಗಿ ಸುಧಾರಿಸಿತು. ನಡಿಗೆ ಮಾತ್ರ ಮೊದಲಿನಂತೆ ಆಗಲಿಲ್ಲ, ಈಗ ವಾಕರ್ ಬೇಕು.

ಮನೆಯಲ್ಲೂ ಬದಲಾವಣೆ ಮಾಡಿಸಿದೆ. ದಿವಾನದ ಮೇಲಿನ ಹೂವಿನ ಹಾಸು ತೆಗೆದು ಒಂದೇ ಬಣ್ಣದ್ದು ಹಾಕಿದರು. ಸಂಜೆ ಐದೂವರೆಗೇ ನಡುಮನೆಯ ದೀಪ ಹಾಕುವುದು ರೂಢಿಯಾಯಿತು. ಕಣ್ಣಿನ ಪೊರೆ ತೆಗೆಸಿದ್ದೂ ಸಹಾಯ ಮಾಡಿತು. ಭಯವಿಲ್ಲದ ಭ್ರಮೆಗೆ ಮಾತ್ರೆ ಬೇಡ. "ನಂಗೆ ಕಾಣ್ತಿಲ್ಲ ರೀ, ನಿಮಗೆ ಕಾಣ್ತಿದೆ ಅಂತ ಗೊತ್ತು, ಅವರೇನೂ ಮಾಡಲ್ಲ" ಎಂದು ಅವರ ಹೆಂಡತಿ ಹೇಳುವುದು ನಾನು ಬರೆಯುವ ಎಷ್ಟೋ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟೆಲ್ಲ ಮಾಡಿಯೂ ಭ್ರಮೆ ಹೆದರಿಸಿ ಅಪಾಯಕ್ಕೆ ತಂದರೆ, ಮನೆಯವರಿಗೆ ಅಪಾಯ ವಿವರಿಸಿ ಕ್ವೆಟಿಯಾಪೀನ್ 12.5 ಮಿಲಿಗ್ರಾಂ ರಾತ್ರಿ ಕೊಟ್ಟು ನೋಡುತ್ತೇನೆ. ಅದರ ಪರಿಣಾಮಕ್ಕೆ ಪುರಾವೆ ಗಟ್ಟಿಯಾಗಿಲ್ಲ, ಅದೂ ಪೂರ್ತಿ ಸುರಕ್ಷಿತ ಅಲ್ಲ. ಮರುದಿನ ಬೆಳಿಗ್ಗೆ ಕೈ ಬಿಗಿದಿದೆಯೇ, ಎಬ್ಬಿಸಿದರೆ ಏಳುತ್ತಾರೆಯೇ ಎಂದು ಫೋನ್ ಮಾಡಿ ಕೇಳುತ್ತೇನೆ. ಬಿಗಿದಿದ್ದರೆ ಎರಡನೇ ಮಾತ್ರೆ ಇಲ್ಲ.

ಇಂಥ ಪ್ರತಿ ಮನೆಗೂ ಒಂದು ಕಾರ್ಡ್ ಬರೆದು ಕೊಡುತ್ತೇನೆ, ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ಮೇಲೆ ಕಾಯಿಲೆಯ ಹೆಸರು, ಕೆಳಗೆ "ಹ್ಯಾಲೊಪೆರಿಡಾಲ್ ಕೊಡಬೇಡಿ." ಅದರ ಕೆಳಗೆ ಜನ ಆಂಟಿಸೈಕೋಟಿಕ್ ಎಂದು ಊಹಿಸದ, ಆದರೆ ಡೋಪಮಿನ್ ತಡೆಯುವ ಮೂರು ಔಷಧಿ: ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜೀನ್, ಗ್ಯಾಸ್ ಮಾತ್ರೆಯ ಜೊತೆ ಸೇರಿ ಬರುವ ಲೆವೊಸಲ್ಪಿರೈಡ್. ಈ ಮೂರನೆಯದನ್ನು ನಾನು ಪ್ರತಿ ಭೇಟಿಯಲ್ಲೂ ಮಾತ್ರೆ ಡಬ್ಬಿ ಸುರಿಸಿ ಹುಡುಕುತ್ತೇನೆ, ಆಗಾಗ ಸಿಗುತ್ತದೆ. ಕಾರ್ಡಿನ ಕೊನೆಯ ಸಾಲು ಮನೆಯವರಿಗೆ: ದಿಢೀರ್ ಗಲಾಟೆ ಶುರುವಾದರೆ ಮೊದಲು ಜ್ವರ, ಮೂತ್ರ, ಮಲ, ನೋವು ನೋಡಿ, ಆಮೇಲೆ ನನಗೆ ಫೋನ್ ಮಾಡಿ.