ತಲೆಗೆ ಪೆಟ್ಟಾದವರ ಮಾನಿಟರ್ ಓದುವುದು ಹೇಗೆ? ಪ್ರೆಶರ್, ರಕ್ತ ಮತ್ತೆ ಕಾರ್ಬನ್ ಡೈಆಕ್ಸೈಡ್

ಮಳೆಗಾಲ ಶುರುವಾಯ್ತು ಅಂದ್ರೆ ಕುಂದಾಪುರದಿಂದ ತಲಪಾಡಿವರೆಗೆ ಹೈವೇಯಲ್ಲಿ ಸ್ಕೂಟರ್ ಸ್ಕಿಡ್ ಆಗಿ ತಲೆಗೆ ಪೆಟ್ಟು ಮಾಡ್ಕೊಂಡು ಬರುವವರು ಇದ್ದೇ ಇರ್ತಾರೆ. ನಾನು ಅನಸ್ತೇಶಿಯಾದವನು, ಐಸಿಯುನಲ್ಲಿ ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ, ಪಿಜಿ ಮಕ್ಕಳಿಗೆ ಪ್ರತಿ ವರ್ಷ ಜೂನ್‌ನಲ್ಲಿ ಹೇಳಿಕೊಡುವ ಪಾಠ ಇದು. ಈ ಸಲ ಬರೆದೇ ಇಡುವ ಅಂತ ಕೂತೆ.

ಒಂದು ಕೇಸ್ ಇಟ್ಕೊಂಡೇ ಹೋಗುವ. ಇಪ್ಪತ್ತೆಂಟು ವರ್ಷದ ಹುಡುಗ, ಹೆಲ್ಮೆಟ್ ಇಲ್ಲ, ಬರುವಾಗಲೇ ಪ್ರಜ್ಞೆ ಇಲ್ಲ. ಟ್ಯೂಬ್ ಹಾಕಿ ವೆಂಟಿಲೇಟರಿಗೆ ಹಾಕಿದ್ದಾರೆ, ನ್ಯೂರೋಸರ್ಜನ್ ತಲೆಬುರುಡೆಗೆ ಸಣ್ಣ ತೂತು ಮಾಡಿ ಇವಿಡಿ ಇಟ್ಟಿದ್ದಾರೆ. ಇವಿಡಿ ಅಂದ್ರೆ ಮೆದುಳಿನೊಳಗಿನ ನೀರು ಹೊರಗೆ ಬಿಡ್ಲಿಕ್ಕೂ ಒಳಗಿನ ಪ್ರೆಶರ್ ನೋಡ್ಲಿಕ್ಕೂ ಆಗುವ ಟ್ಯೂಬ್. ಈಗ ಮಾನಿಟರಲ್ಲಿ ಬಿಪಿ 118/64, ತಲೆಯೊಳಗಿನ ಪ್ರೆಶರ್ 26. ದೊಡ್ಡವರಿಗೆ ಅದು 15ರ ಒಳಗೆ ಇರ್ಬೇಕು, 22 ದಾಟಿದ್ರೆ ಟ್ರೀಟ್ ಮಾಡ್ಬೇಕು. ಬ್ಲಡ್ ಗ್ಯಾಸ್ ರಿಪೋರ್ಟಲ್ಲಿ ಕಾರ್ಬನ್ ಡೈಆಕ್ಸೈಡ್ 28.

ಮೊದಲ ಕೆಲಸ ಎಂತ ಅಂದ್ರೆ ಮೆದುಳಿಗೆ ರಕ್ತ ತಳ್ಳುವ ಪ್ರೆಶರ್ ಎಷ್ಟುಂಟು ಅಂತ ಲೆಕ್ಕ ಹಾಕುವುದು. ಹಾರ್ಟ್ ಕಡೆಯಿಂದ ರಕ್ತ ತಳ್ತದೆ, ಒಳಗಿನ ಒತ್ತಡ ಅದನ್ನು ತಡೀತದೆ, ಉಳಿದದ್ದು ಮೆದುಳಿಗೆ ಸಿಗುವುದು. ಕೆಳಗೆ MAP ಅಂದ್ರೆ ಸರಾಸರಿ ಬಿಪಿ, ICP ಅಂದ್ರೆ ತಲೆಯೊಳಗಿನ ಪ್ರೆಶರ್, CPP ಅಂದ್ರೆ ಮೆದುಳಿಗೆ ರಕ್ತ ತಳ್ಳುವ ಪ್ರೆಶರ್.

```
MAP = ಡಯಾಸ್ಟೋಲಿಕ್ + (ಸಿಸ್ಟೋಲಿಕ್ − ಡಯಾಸ್ಟೋಲಿಕ್) / 3
CPP = MAP − ICP
```

118ರಲ್ಲಿ 64 ಕಳೆದ್ರೆ 54, ಅದರ ಮೂರನೇ ಒಂದು ಪಾಲು 18, ಅದನ್ನು 64ಕ್ಕೆ ಸೇರಿಸಿದ್ರೆ 82. ಸರಾಸರಿ ಬಿಪಿ 82. ಅದರಲ್ಲಿ 26 ಕಳೆದ್ರೆ 56. ನಮಗೆ ಬೇಕಾದ್ದು 60ರಿಂದ 70. ಸ್ವಲ್ಪ ಕಮ್ಮಿ ಅಷ್ಟೇ ಅಲ್ವಾ ಅಂತ ಅನ್ನಿಸ್ತದೆ, ಆದ್ರೆ ಇಲ್ಲೇ ತುಂಬಾ ಜನ ಎಡವುವುದು, ಯಾಕಂದ್ರೆ ಆ 56 ನಿಜ ಅಲ್ಲ.

ಬೆಡ್ ಹತ್ರ ಹೋಗಿ ನೋಡಿ. ಹುಡುಗನ ತಲೆ ಕಡೆ 30 ಡಿಗ್ರಿ ಎತ್ತಿ ಇಟ್ಟಿದ್ದಾರೆ, ಸರಿಯೇ, ಕುತ್ತಿಗೆಯ ರಕ್ತ ಕೆಳಗೆ ಇಳಿದು ಬರ್ಲಿಕ್ಕೆ ಅದು ಬೇಕು. ಇವಿಡಿಯ ಪ್ರೆಶರ್ ಅಳೆಯುವ ಟ್ರಾನ್ಸ್‌ಡ್ಯೂಸರ್ ಕಿವಿಯ ತೂತಿನ ಲೆವೆಲ್ಲಲ್ಲಿ ಉಂಟು, ಅದೂ ಸರಿ. ಆದ್ರೆ ಕೈಯ ಆರ್ಟರಿ ಲೈನಿನ ಟ್ರಾನ್ಸ್‌ಡ್ಯೂಸರ್ ಎದೆಯ ಲೆವೆಲ್ಲಲ್ಲಿ, ಅಂದ್ರೆ ಹಾರ್ಟಿನ ಎತ್ತರದಲ್ಲಿ ಕಟ್ಟಿದ್ದಾರೆ. ಅದು ತೋರಿಸುವುದು ಹಾರ್ಟ್ ಹತ್ರದ ಬಿಪಿ, ಮೆದುಳಿನದ್ದಲ್ಲ. ಮೇಲಿನ ಟ್ಯಾಂಕಿಗೆ ಹೋಗುವ ನೀರಿನ ಪ್ರೆಶರ್ ಕೆಳಗಿನ ನಲ್ಲಿಯಲ್ಲಿ ನೋಡಿ ಹೇಳ್ಲಿಕ್ಕೆ ಆಗ್ತದಾ? ಒಂದು ಸೆಂಟಿಮೀಟರ್ ಎತ್ತರಕ್ಕೆ 0.77 ಎಂಎಂ ಪ್ರೆಶರ್ ಕಮ್ಮಿ ಆಗ್ತದೆ. ಸ್ಕೇಲ್ ಹಿಡಿದು ಅಳೆದ್ರೆ ಎರಡರ ನಡುವೆ ಎತ್ತರದ ಅಂತರ 14 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ಆಗ 11 ಹೋಯ್ತು. ಕಿವಿ ಹತ್ರ ಸರಾಸರಿ ಬಿಪಿ 71, ಮೆದುಳಿಗೆ ಸಿಗುವುದು 45. ಇದು ಸ್ವಲ್ಪ ಕಮ್ಮಿ ಅಲ್ಲ, ಡೇಂಜರ್. ಹಾಗಾಗಿ ಟ್ರಾನ್ಸ್‌ಡ್ಯೂಸರ್ ಎತ್ತಿ ಕಿವಿಯ ಲೆವೆಲ್ಲಿಗೆ ಕಟ್ಟಿ, ಝೀರೋ ಮಾಡಿ, ಚಾರ್ಟಲ್ಲಿ "ಕಿವಿ ಲೆವೆಲ್" ಅಂತ ಬರೀರಿ, ಇಲ್ಲದಿದ್ರೆ ರಾತ್ರಿ ಡ್ಯೂಟಿಯವರು ಬೆಡ್ ಸರಿ ಮಾಡುವಾಗ ಅದನ್ನು ಪುನಃ ಎದೆ ಹತ್ರ ಇಳಿಸಿಬಿಡ್ತಾರೆ. ಇವಿಡಿಯ ಡ್ರೈನ್ ಓಪನ್ ಇರುವಾಗ ಬರುವ ರೀಡಿಂಗನ್ನೂ ನಂಬಬೇಡಿ, ಕ್ಲೋಸ್ ಮಾಡಿ ಅಲೆ ಸರಿಯಾಗಿ ಬಂದ ಮೇಲೆಯೇ ಬರ್ಕೊಳ್ಳಿ.

ಎರಡನೇದು, ಮೆದುಳು ತನ್ನ ರಕ್ತವನ್ನು ತಾನೇ ಹೇಗೆ ನೋಡಿಕೊಳ್ತದೆ ಅನ್ನುವುದು. ನಮ್ಮ ಊರಲ್ಲಿ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವಾಗ ಕರೆಂಟ್ ವೋಲ್ಟೇಜ್ ಏರಿ ಇಳಿಯುವುದು ಗೊತ್ತಲ್ಲ, ಗೇಟ್‌ವಾಲ್ವ್ ಹತ್ರ ಒಬ್ಬ ನಿಂತುಕೊಂಡು ಜಾಸ್ತಿ ಬಂದ್ರೆ ಸ್ವಲ್ಪ ತಿರುಗಿಸಿ, ಕಮ್ಮಿ ಬಂದ್ರೆ ಬಿಚ್ಚಿ, ಗಿಡಕ್ಕೆ ಸಿಗುವ ನೀರು ಒಂದೇ ಥರ ಇಡ್ತಾನೆ. ಮೆದುಳಿನ ಸಣ್ಣ ರಕ್ತನಾಳಗಳ ಗೋಡೆಯ ಸ್ನಾಯು ಮಾಡುವುದು ಇದನ್ನೇ. ಬಿಪಿ ಏರಿದ್ರೆ ನಾಳ ಕುಗ್ತದೆ, ಇಳಿದ್ರೆ ಹಿಗ್ತದೆ, ಹಾಗಾಗಿ ನೂರು ಗ್ರಾಮ್ ಮೆದುಳಿಗೆ ನಿಮಿಷಕ್ಕೆ 50 ಎಂಎಲ್ ರಕ್ತ ಹೆಚ್ಚುಕಮ್ಮಿ ಇಲ್ಲದೆ ಸಿಗ್ತಾ ಇರ್ತದೆ. ಇದಕ್ಕೆ ಆಟೋರೆಗ್ಯುಲೇಶನ್ ಅಂತ ಹೆಸರು. ಪುಸ್ತಕದಲ್ಲಿ ಸರಾಸರಿ ಬಿಪಿ 50ರಿಂದ 150ರವರೆಗೆ ಇದು ನಡೀತದೆ ಅಂತ ಒಂದು ಚಂದದ ಸಮತಟ್ಟಾದ ಗೆರೆ ಇರ್ತದೆ, ಡೆನ್ಮಾರ್ಕಿನ ನೀಲ್ಸ್ ಲಾಸ್ಸೆನ್ 1959ರಲ್ಲಿ ಕೊಟ್ಟದ್ದು. ಆದ್ರೆ ಅದು ಬೇರೆಬೇರೆ ಜನರ ಸರಾಸರಿಗಳನ್ನು ಸೇರಿಸಿ ಎಳೆದ ಗೆರೆ. ಒಬ್ಬೊಬ್ಬರಲ್ಲಿ ಆ ಸಮತಟ್ಟು ಅಷ್ಟು ಅಗಲ ಇರುವುದಿಲ್ಲ, ಹಳೇ ಬಿಪಿ ಪೇಶಂಟಲ್ಲಿ ಇಡೀ ಗೆರೆಯೇ ಮೇಲಕ್ಕೆ ಸರಿದಿರ್ತದೆ. ನಮ್ಮ ಹುಡುಗನಿಗೆ 50ರ ಮೇಲೆ ಉಂಟಲ್ಲ ಅಂತ ಸುಮ್ಮನೆ ಕೂತುಕೊಳ್ಳುವ ಹಾಗಿಲ್ಲ.

ತಲೆಬುರುಡೆ ತೆಂಗಿನ ಚಿಪ್ಪಿನ ಹಾಗೆ, ಹಿಗ್ಗುವುದಿಲ್ಲ. ಒಳಗೆ ಮೆದುಳು, ರಕ್ತ, ನೀರು, ಮೂರೇ. ಮೆದುಳು ಊದಿಕೊಂಡ್ರೆ ಮೊದಲು ನೀರು ಬೆನ್ನುಹುರಿಯ ಕಡೆ ಜಾರ್ತದೆ, ಸಿರೆಗಳ ರಕ್ತ ಹೊರಗೆ ಹೋಗ್ತದೆ, ಅಲ್ಲಿವರೆಗೆ ಪ್ರೆಶರ್ ಹೆಚ್ಚು ಏರುವುದಿಲ್ಲ. ಆ ಜಾಗ ಮುಗಿದ ಮೇಲೆ ಒಂದು ಚಮಚ ಜಾಸ್ತಿ ಆದ್ರೂ ಪ್ರೆಶರ್ ಹಾರ್ತದೆ. ಈಗ ಯೋಚನೆ ಮಾಡಿ, ಬಿಪಿ ಕಮ್ಮಿ ಆದ್ರೆ ನಾಳ ಹಿಗ್ತದೆ ಅಂತ ಹೇಳಿದೆ ಅಲ್ವಾ, ಹಿಗ್ಗಿದ ನಾಳದಲ್ಲಿ ರಕ್ತ ಜಾಸ್ತಿ ತುಂಬ್ತದೆ, ತುಂಬಿದ್ರೆ ಒಳಗಿನ ಪ್ರೆಶರ್ ಏರ್ತದೆ, ಏರಿದ್ರೆ ಮೆದುಳಿಗೆ ಸಿಗುವುದು ಇನ್ನೂ ಕಮ್ಮಿ, ಆಗ ನಾಳ ಇನ್ನೂ ಹಿಗ್ತದೆ. ಸುತ್ತಿ ಸುತ್ತಿ ಅಲ್ಲೇ ಬರ್ತದೆ.

ಈ ಸುತ್ತು ತುಂಡು ಮಾಡುವುದು ಬಿಪಿ ಏರಿಸಿ. ಡ್ರಿಪ್ ಕಮ್ಮಿ ಆಗಿದ್ರೆ ಮೊದಲು ಅದನ್ನು ಸರಿ ಮಾಡಿ, ಮತ್ತೆ ಡಾಕ್ಟ್ರು ಹೇಳಿದ ಹಾಗೆ ನಾರ್‌ಅಡ್ರಿನಲಿನ್ ಸ್ವಲ್ಪ ಏರಿಸಿ ಸರಾಸರಿ ಬಿಪಿ ಹತ್ತರಷ್ಟು ಮೇಲೆ ತಂದು 20 ನಿಮಿಷದ ಒಳಗೆ ಎಂತ ಆಗ್ತದೆ ನೋಡುವುದು. ಆ ಹೊತ್ತಲ್ಲಿ ವೆಂಟಿಲೇಟರ್, ನಿದ್ರೆ ಮದ್ದು, ಡ್ರೈನ್ ಯಾವುದನ್ನೂ ಮುಟ್ಟಬೇಡಿ, ಮುಟ್ಟಿದ್ರೆ ಯಾವುದರಿಂದ ಎಂತ ಆಯ್ತು ಅಂತ ಗೊತ್ತಾಗುವುದಿಲ್ಲ. ನಮ್ಮ ಕೇಸಲ್ಲಿ ಕಿವಿ ಲೆವೆಲ್ಲಿನ 71 ಈಗ 82 ಆಯ್ತು, ಒಳಗಿನ ಪ್ರೆಶರ್ 26ರಿಂದ 22ಕ್ಕೆ ಇಳಿಯಿತು. 82ರಲ್ಲಿ 22 ಕಳೆದ್ರೆ 60. ಬಿಪಿ ಏರಿಸಿದ್ರೆ ತಲೆಯ ಪ್ರೆಶರ್ ಇಳಿಯುವುದು ಮೊದಲ ಸಲ ನೋಡಿದವರಿಗೆ ನಂಬ್ಲಿಕ್ಕೆ ಆಗುವುದಿಲ್ಲ, ಆದ್ರೆ ಅದರ ಅರ್ಥ ವಾಲ್ವ್ ಹತ್ರ ಆಳು ಇನ್ನೂ ನಿಂತಿದ್ದಾನೆ, ನಾಳ ಪುನಃ ಕುಗ್ಗಿತು. ಅದೇ ಬಿಪಿ ಏರಿಸಿದ ಹಾಗೆ ಒಳಗಿನ ಪ್ರೆಶರೂ ಜೊತೆಗೇ ಏರ್ತಾ ಹೋದ್ರೆ ಆಟೋರೆಗ್ಯುಲೇಶನ್ ಕೆಟ್ಟಿದೆ ಅಂತ ಅರ್ಥ, ಆಗ ಏರಿಸಿದ್ದನ್ನು ವಾಪಸ್ ಇಳಿಸಿ, ಬಿಪಿಯಿಂದ ಉಪಕಾರ ಇಲ್ಲ.

ಈಗ ಆ 28. ಇದರ ಬಗ್ಗೆ ನನಗೆ ಹೇಳ್ಲಿಕ್ಕೆ ಜಾಸ್ತಿ ಉಂಟು.

ರಕ್ತದ ಕಾರ್ಬನ್ ಡೈಆಕ್ಸೈಡ್ ನಾಳದ ಗೋಡೆ ದಾಟಿ ಸಲೀಸಾಗಿ ಹೊರಗೆ ಹೋಗ್ತದೆ, ಅಲ್ಲಿನ ನೀರನ್ನು ಸ್ವಲ್ಪ ಹುಳಿ ಮಾಡ್ತದೆ, ಆ ಹುಳಿಗೆ ಸ್ನಾಯು ಸಡಿಲ ಆಗಿ ನಾಳ ಹಿಗ್ತದೆ. ಕಾರ್ಬನ್ ಡೈಆಕ್ಸೈಡ್ ಕಮ್ಮಿ ಮಾಡಿದ್ರೆ ಉಲ್ಟಾ, ನಾಳ ಬಿಗೀತದೆ. ಅಂದಾಜಿಗೆ ಒಂದೊಂದು ಎಂಎಂಗೆ ಮೆದುಳಿನ ರಕ್ತ 3 ಪರ್ಸೆಂಟ್ ಹೆಚ್ಚುಕಮ್ಮಿ ಆಗ್ತದೆ. ಪೇಶಂಟಿಗೆ ಜೋರು ಉಸಿರು ಕೊಟ್ರೆ ತಲೆಯ ಪ್ರೆಶರ್ ಕೆಲವೇ ನಿಮಿಷದಲ್ಲಿ ಇಳಿಯುವುದು ಇದರಿಂದ. ಮಾನಿಟರಲ್ಲಿ ನಂಬರ್ ಇಳಿದದ್ದು ನೋಡಿ ಎಲ್ಲರಿಗೂ ಸಮಾಧಾನ, ಆದ್ರೆ ಇಳಿದದ್ದು ರಕ್ತ ಕಮ್ಮಿ ಮಾಡಿ. ಪೆಟ್ಟಾದ ಮೊದಲ ದಿನ ಮೆದುಳಿನ ರಕ್ತ ಮೊದಲೇ ಅರ್ಧಕ್ಕೆ ಇಳಿದಿರ್ಬಹುದು, 50ರ ಬದಲು 25 ಅಂತ ಹಿಡೀರಿ. ಕಾರ್ಬನ್ ಡೈಆಕ್ಸೈಡ್ 40ರಿಂದ 28ಕ್ಕೆ ಬಂದ್ರೆ 12 ಕಮ್ಮಿ, ಅಂದ್ರೆ 36 ಪರ್ಸೆಂಟ್, ಉಳಿಯುವುದು 16. ಸುಮಾರು 20ರ ಕೆಳಗೆ ಹೋದ್ರೆ ನರಕೋಶ ಕೆಲಸ ನಿಲ್ಲಿಸ್ತದೆ, ಹಾಗೇ ಬಿಟ್ರೆ ಸಾಯ್ತದೆ. ಪ್ರೆಶರ್ ಚಂದ ಉಂಟು, ಮೆದುಳು ಉಪವಾಸ.

ಇದು ಹೆಚ್ಚಾಗಿ ಶುರುವಾಗುವುದು ಆಂಬ್ಯುಲೆನ್ಸಲ್ಲಿ. ನಾನು ಹೊಸಬನಾಗಿದ್ದಾಗ ಒಂದು ರಾತ್ರಿ ಹೀಗೇ ಒಬ್ಬರನ್ನು ಶಿಫ್ಟ್ ಮಾಡುವಾಗ ನೋಡಿದ್ದೇನೆ, ಜೊತೆಗಿದ್ದ ಹುಡುಗ ಹೆದರಿಕೆಯಲ್ಲಿ ಆಂಬು ಬ್ಯಾಗ್ ಎರಡೂ ಕೈಯಲ್ಲಿ ಹಿಡಿದು ಸೆಕೆಂಡಿಗೊಂದು ಸಲ ಒತ್ತುತ್ತಾ ಇದ್ದ, ಬೆರಳು ಬೆಳ್ಳಗಾಗಿತ್ತು, ಅವನ ಉಸಿರೂ ಅದೇ ಸ್ಪೀಡಲ್ಲಿ ಓಡ್ತಾ ಇತ್ತು. ತಪ್ಪು ಅವನದ್ದಲ್ಲ, ಯಾರೂ ಎಣಿಸ್ಲಿಕ್ಕೆ ಹೇಳಿಕೊಟ್ಟಿರಲಿಲ್ಲ. ಈಗ ನಾನು ಎಲ್ಲರಿಗೂ ಹೇಳುವುದು, ಒಂದೇ ಕೈಯಲ್ಲಿ ಹಿಡೀರಿ, "ಒತ್ತು" ಅಂತ ಹೇಳಿ ಎದೆ ಏಳುವಷ್ಟು ಮಾತ್ರ ಒತ್ತಿ, ಬಿಟ್ಟು, ಎರಡು, ಮೂರು, ನಾಲ್ಕು, ಐದು, ಆರು ಅಂತ ನಿಧಾನ ಎಣಿಸಿ, ಪುನಃ ಒತ್ತು. ನಿಮಿಷಕ್ಕೆ ಹತ್ತು ಸಲ ಆಯ್ತು, ದೊಡ್ಡವರಿಗೆ ಅಷ್ಟು ಸಾಕು.

ವೆಂಟಿಲೇಟರಲ್ಲಿ ಸರಿ ಮಾಡುವ ಲೆಕ್ಕ ಸುಲಭ. ಹುಡುಗನ ರೇಟ್ 22, ಕಾರ್ಬನ್ ಡೈಆಕ್ಸೈಡ್ 28. ಉಸಿರಿನ ಅಳತೆ ಬದಲಾಯಿಸದೆ 22ನ್ನು 28ರಿಂದ ಗುಣಿಸಿ ಬೇಕಾದ 37ರಿಂದ ಭಾಗಿಸಿದ್ರೆ ಹತ್ರಹತ್ರ 17. ಆದ್ರೆ ಒಂದೇ ಸಲ 17ಕ್ಕೆ ಇಳಿಸಬೇಡಿ. ಜೋರು ಉಸಿರು ತುಂಬಾ ಗಂಟೆ ನಡೆದಿದ್ರೆ ಮೆದುಳಿನ ನೀರು ಅದಕ್ಕೆ ಒಗ್ಗಿಕೊಂಡಿರ್ತದೆ, ಬೈಕಾರ್ಬೊನೇಟ್ ಇಳಿಸಿ ಹುಳಿ ಮೊದಲಿನ ಹದಕ್ಕೆ ತಂದಿರ್ತದೆ, ನಾಳ ಪುನಃ ಹಿಗ್ಗಿರ್ತದೆ. ಈಗ ತಟ್ಟನೆ ಕಾರ್ಬನ್ ಡೈಆಕ್ಸೈಡ್ ಏರಿದ್ರೆ ನಾಳ ಮೊದಲಿಗಿಂತಲೂ ಜಾಸ್ತಿ ಹಿಗ್ಗಿ ಪ್ರೆಶರ್ ಹಾರ್ತದೆ. 20, ಅರ್ಧ ಗಂಟೆ ನೋಡಿ 18, ಮತ್ತೆ 17, ಹೀಗೆ. ಉಸಿರಿನ ಟ್ಯೂಬಿನಲ್ಲಿ ತೋರಿಸುವ EtCO2 ಮೇಲೆ ಕಣ್ಣಿಡಿ, ಆದ್ರೆ ಅದು ರಕ್ತದ ನಂಬರಿಗಿಂತ ಸಾಮಾನ್ಯ 3ರಿಂದ 5 ಕಮ್ಮಿ ತೋರಿಸ್ತದೆ, ಎದೆಗೂ ಪೆಟ್ಟಾಗಿದ್ರೆ ಅಥವಾ ಬಿಪಿ ಬಿದ್ದಿದ್ರೆ ಅಂತರ ಇನ್ನೂ ದೊಡ್ಡದು. ಹಾಗಾಗಿ ಬ್ಲಡ್ ಗ್ಯಾಸ್ ಇನ್ನೊಮ್ಮೆ ಕಳಿಸ್ಲೇಬೇಕು.

ನಮ್ಮ ಹುಡುಗನಲ್ಲಿ ರೇಟ್ 17ಕ್ಕೆ ಬರುವಾಗ ರಕ್ತದಲ್ಲಿ 36, ತಲೆಯ ಪ್ರೆಶರ್ 24. ಏರ್ತದೆ ಅಂತ ಗೊತ್ತಿತ್ತು. ಹೆದರಿ ಪುನಃ ರೇಟ್ ಏರಿಸ್ಲಿಕ್ಕೆ ಹೋಗುವುದಲ್ಲ. ಕುತ್ತಿಗೆ ನೇರ ಉಂಟಾ ನೋಡಿ, ಟ್ಯೂಬ್ ಕಟ್ಟಿದ ಪಟ್ಟಿ ಬಿಗಿಯಾಗಿ ಕುತ್ತಿಗೆಯ ಸಿರೆ ಒತ್ತಿದ್ರೆ ಸಡಿಲ ಮಾಡಿ, ನಿದ್ರೆ ಮದ್ದು ಸಾಕಾಗ್ತಾ ಉಂಟಾ ನೋಡಿ, ಮತ್ತೆ ಇವಿಡಿಯಿಂದ ಕೆಲವು ಎಂಎಲ್ ನೀರು ಬಿಡಿ. 19ಕ್ಕೆ ಬಂತು. 82ರಲ್ಲಿ 19 ಕಳೆದ್ರೆ 63, ಅದೂ ರಕ್ತ ಕಮ್ಮಿ ಮಾಡದೆ.

ಜೋರು ಉಸಿರು ಕೊಡುವ ಹೊತ್ತೂ ಒಂದುಂಟು. ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕಿಗೆ ಕುಗ್ಗದೇ ಹೋದ್ರೆ, ಅಥವಾ ಬಿಪಿ ಏಕ್ದಂ ಏರಿ ಪಲ್ಸ್ ನಿಧಾನ ಆಗಿ ಉಸಿರಿನ ಲಯ ತಪ್ಪಿದ್ರೆ. ವೆಂಟಿಲೇಟರಲ್ಲಿ ಇದ್ದವರಲ್ಲಿ ಉಸಿರಿನದ್ದು ಕಾಣಿಸುವುದಿಲ್ಲ, ಬಿಪಿ ಏರಿದ್ದು, ಪಲ್ಸ್ ನಿಧಾನ ಆದದ್ದು ಎರಡೇ ಸಾಕು. ಇದು ಕುಶಿಂಗ್ ಹೇಳಿದ ಲಕ್ಷಣ, ಮೆದುಳಿನ ಬುಡಕ್ಕೆ ರಕ್ತ ಸಿಗದೆ ಅದು ಬಿಪಿಯನ್ನು ತಾನೇ ಏರಿಸ್ತಾ ಇರುವುದು. ಆ ಬಿಪಿ ಇಳಿಸ್ಲಿಕ್ಕೆ ಮದ್ದು ಕೊಡಬೇಡಿ, ಅದೊಂದರಿಂದ ಈಗ ಅವನ ಜೀವ ನಿಂತಿರುವುದು. ಆಗ ನಿಮಿಷಕ್ಕೆ 20ರ ಹಾಗೆ ಉಸಿರು ಕೊಟ್ಟು ಕಾರ್ಬನ್ ಡೈಆಕ್ಸೈಡ್ 30ರಿಂದ 35ರ ನಡುವೆ ತನ್ನಿ, ಮ್ಯಾನಿಟಾಲ್ ಅಥವಾ ಹೈಪರ್‌ಟಾನಿಕ್ ಸಲೈನ್ ಹೋಗ್ತಾ ಇರ್ಲಿ, ಸ್ಕ್ಯಾನಿಗೋ ಆಪರೇಶನ್ ಥಿಯೇಟರಿಗೋ ಹೊರಡಿ. ಹೊರಡುವ ಮೊದಲು ಜೋರು ಉಸಿರು ಎಷ್ಟು ಗಂಟೆಗೆ ಶುರು ಮಾಡಿದ್ರಿ ಅಂತ ಚಾರ್ಟಲ್ಲಿ ದೊಡ್ಡ ಅಕ್ಷರದಲ್ಲಿ ಬರೀರಿ, ಪಾಪೆ ಸರಿಯಾದ ಕೂಡಲೇ ಅದನ್ನು ನಿಲ್ಲಿಸ್ಲಿಕ್ಕೆ ಯಾರಾದ್ರೂ ನೆನಪು ಮಾಡ್ಬೇಕಲ್ಲ.